ಎಂಬಿಎಗೆ ‘ಆ್ಯನ್’, ಯೂನಿವರ್ಸಿಟಿಗೆ ‘ಎ’: ಇದನ್ನು ನಿರ್ಧರಿಸುವುದು ಯಾವುದು?

ಪ್ರಶ್ನೆ: ಕೆಲಸದ ಅರ್ಜಿಯೊಂದರಲ್ಲಿ ‘ಐ ಹ್ಯಾವ್ ಎ ಎಂಬಿಎ ಡಿಗ್ರಿ ಫ್ರಮ್ ಆ್ಯನ್ ಯೂನಿವರ್ಸಿಟಿ’ ಎಂದು ಬರೆದಿದ್ದೆ. ಅದನ್ನು ನೋಡಿಕೊಟ್ಟವರು ಎರಡನ್ನೂ ಅದಲುಬದಲು ಮಾಡಿದರು. ಎ, ಇ, ಐ, ಒ, ಯು ಬಂದರೆ ‘ಆ್ಯನ್’, ಉಳಿದವಕ್ಕೆ ‘ಎ’ ಎಂದು ಶಾಲೆಯಲ್ಲಿ ಕಲಿತದ್ದು ತಪ್ಪೇ? ಸಂಕ್ಷಿಪ್ತ ಪದಗಳು ಬಂದಾಗ ಯಾವುದನ್ನು ಹಾಕಬೇಕೆಂದು ತಿಳಿಯುವುದು ಹೇಗೆ?

ಉತ್ತರ: ತಿದ್ದಿದವರು ಸರಿಯಾಗಿಯೇ ತಿದ್ದಿದ್ದಾರೆ. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದು ಮುಂದಿನ ಪದದ ಮೊದಲ ಅಕ್ಷರವನ್ನು ಅವಲಂಬಿಸಿಲ್ಲ. ಆ ಪದವನ್ನು ಬಾಯಿಬಿಟ್ಟು ಓದಿದಾಗ ಮೊದಲು ಕೇಳಿಸುವ ಧ್ವನಿ ಸ್ವರವಾಗಿದ್ದರೆ ‘ಆ್ಯನ್’, ವ್ಯಂಜನವಾಗಿದ್ದರೆ ‘ಎ’ ಬರುತ್ತದೆ. ಶಾಲೆಯ ನಿಯಮವು ಈ ಧ್ವನಿಯ ನಿಯಮವನ್ನೇ ಮಕ್ಕಳಿಗೆ ಸುಲಭವಾಗಲೆಂದು ಅಕ್ಷರಗಳಿಗೆ ಕಟ್ಟಿಹಾಕಿದ ರೂಪ. ‘ಆ್ಯಪಲ್’, ‘ಎಗ್’, ‘ಆರೆಂಜ್’ ಇರುವವರೆಗೆ ಅದು ಸರಿಯಾಗಿ ನಡೆಯುತ್ತದೆ. ಅಕ್ಷರವೂ ಧ್ವನಿಯೂ ಬೇರೆ ಬೇರೆ ದಾರಿ ಹಿಡಿದ ಕಡೆ ಮಾತ್ರ ಕೈಕೊಡುತ್ತದೆ. ಸಂಕ್ಷಿಪ್ತ ಪದಗಳಲ್ಲಿ ಅವು ಬೇರೆ ದಾರಿ ಹಿಡಿಯುವುದು ತೀರಾ ಸಾಮಾನ್ಯ.

ಈ ಉತ್ತರದಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಬೇಕೆಂದೇ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಕನ್ನಡ ಲಿಪಿ ಬಹುಮಟ್ಟಿಗೆ ಕೇಳಿದ್ದನ್ನು ಬರೆಯುವ ಲಿಪಿಯಾದ್ದರಿಂದ, ಇಂಗ್ಲಿಷ್ ಕಾಗುಣಿತ ಮರೆಮಾಚುವ ಧ್ವನಿಯನ್ನು ಅದು ಬಯಲಿಗೆ ತರುತ್ತದೆ. ನಿಮ್ಮ ಎರಡು ಪದಗಳನ್ನೇ ನೋಡಿ. ‘ಎಂಬಿಎ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಅದು ಸ್ವರದಿಂದ ಶುರುವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ‘ಯೂನಿವರ್ಸಿಟಿ’ ಎಂದು ಬರೆದರೆ ಮೊದಲು ಬರುವುದು ಯಕಾರ, ಅಂದರೆ ವ್ಯಂಜನ. ಆದ್ದರಿಂದ ‘ಆ್ಯನ್ ಎಂಬಿಎ’, ‘ಎ ಯೂನಿವರ್ಸಿಟಿ’. ಅನುಮಾನ ಬಂದಾಗಲೆಲ್ಲ ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆದು ನೋಡುವುದು ಕನ್ನಡಿಗರಿಗೆ ಸುಲಭವಾಗಿ ಒದಗುವ ಒರೆಗಲ್ಲು. ಆದರೆ ಈ ಒರೆಗಲ್ಲೂ ಎರಡು ಮೂರು ಕಡೆ ಮೋಸ ಮಾಡುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಿಯಮ ಹೀಗೇಕಿದೆ ಎಂಬುದು ತಿಳಿದರೆ ಅದನ್ನು ನೆನಪಿಡುವ ಕಷ್ಟವಿರುವುದಿಲ್ಲ. ಎರಡು ಸ್ವರಗಳು ಒತ್ತೊತ್ತಾಗಿ ಬಂದಾಗ ನಾಲಿಗೆ ತಡವರಿಸುತ್ತದೆ. ಕನ್ನಡವು ಈ ತೊಡಕನ್ನು ಆಗಮಸಂಧಿಯಿಂದ ಬಿಡಿಸಿಕೊಂಡಿದೆ: ‘ಮನೆ’ ಮತ್ತು ‘ಅನ್ನು’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದೆ, ‘ಗುರು’ ಮತ್ತು ‘ಅನ್ನು’ ಸೇರಿದಾಗ ವಕಾರ ಬಂದು ‘ಗುರುವನ್ನು’ ಆಗುತ್ತದೆ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ನಕಾರ ಮಾಡುತ್ತದೆ. ಒಂದು ವ್ಯತ್ಯಾಸವೆಂದರೆ, ಆ ನಕಾರ ಹೊಸದಾಗಿ ಬಂದು ಸೇರಿಕೊಂಡದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ‘ಆನ್’ ಎಂಬ ಪದವಿತ್ತು; ಕಾಲಾನಂತರ ವ್ಯಂಜನದ ಮೊದಲು ಅದರ ನಕಾರ ಉದುರಿ ‘ಎ’ ಉಳಿಯಿತು, ಸ್ವರದ ಮೊದಲು ಉಚ್ಚಾರಣೆಗೆ ಅನುಕೂಲವಾದ್ದರಿಂದ ನಕಾರ ಉಳಿದುಕೊಂಡಿತು. ಹಾಗಾಗಿ ಮೂಲರೂಪ ‘ಆ್ಯನ್’, ಸವೆದ ರೂಪ ‘ಎ’. ಈ ನಕಾರ ಎಷ್ಟರಮಟ್ಟಿಗೆ ಕಿವಿಯ ವ್ಯವಹಾರವಾಗಿತ್ತೆಂದರೆ, ಅಡುಗೆ ಮಾಡುವಾಗ ಮೈಮುಂದೆ ಕಟ್ಟಿಕೊಳ್ಳುವ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂಬುದನ್ನು ಜನ ‘ಆ್ಯನ್ ಏಪ್ರನ್’ ಎಂದು ಕೇಳಿಸಿಕೊಂಡರು, ಪದದ ನಕಾರ ಶಾಶ್ವತವಾಗಿ ಹಿಂದಿನ ಪದದ ಪಾಲಾಯಿತು. ಕಾಗುಣಿತ ನೋಡಿ ಮಾತನಾಡುವವರ ನಡುವೆ ಹೀಗಾಗಲು ಸಾಧ್ಯವೇ ಇರಲಿಲ್ಲ.

ಈಗ ‘ಯೂನಿವರ್ಸಿಟಿ’ಯ ವಿಚಾರ. ಇಂಗ್ಲಿಷಿನ ಯು ಅಕ್ಷರ ಪದದ ಮೊದಲಲ್ಲಿ ಬಂದಾಗ ಮುಖ್ಯವಾಗಿ ಎರಡು ಬಗೆಯಲ್ಲಿ ಉಚ್ಚಾರವಾಗುತ್ತದೆ. ‘ಅಂಬ್ರೆಲಾ’, ‘ಅಂಕಲ್’, ‘ಅರ್ಜೆಂಟ್’ ಇವುಗಳಲ್ಲಿ ಅದು ಸ್ವರ. ಇಲ್ಲಿ ‘ಆ್ಯನ್’ ಬರುತ್ತದೆ. ‘ಯೂನಿಫಾರ್ಮ್’, ‘ಯೂನಿಟ್’, ‘ಯೂಸ್‌ಫುಲ್’ ಇವುಗಳಲ್ಲಿ ಯಕಾರ ಮುಂದೆ ನಿಲ್ಲುವುದರಿಂದ ‘ಎ’ ಬರುತ್ತದೆ. ‘ಉರ್ದು’ವಿನಂತೆ ಉಕಾರವಾಗಿಯೇ ಉಳಿದ ಪದಗಳು ವಿರಳ, ಅವೂ ಸ್ವರದ ಗುಂಪಿಗೇ ಸೇರುತ್ತವೆ. ‘ಯೂರೋಪಿಯನ್’ ಎಂಬ ಪದ ಇ ಅಕ್ಷರದಿಂದ ಶುರುವಾದರೂ ಕೇಳಿಸುವುದು ಯಕಾರವೇ ಆದ್ದರಿಂದ ಅದೂ ‘ಎ ಯೂರೋಪಿಯನ್’ ಆಗುತ್ತದೆ.

‘ಯು ಎನ್ ಐ’ ಎಂಬ ಮೂರು ಅಕ್ಷರ ಕಂಡರೆ ‘ಎ’ ಹಾಕಿ ಎಂದು ಕೆಲವರು ಕಲಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅದು ಮತ್ತೆ ಕಣ್ಣಿಗೆ ಕಟ್ಟಿದ ನಿಯಮ. ‘ಅನ್‌ಇಂಪಾರ್ಟೆಂಟ್’ ಎಂಬ ಪದವೂ ಅದೇ ಮೂರು ಅಕ್ಷರಗಳಿಂದ ಶುರುವಾಗುತ್ತದೆ, ಆದರೆ ಅಲ್ಲಿರುವುದು ‘ಅನ್’ ಎಂಬ ನಿಷೇಧದ ಉಪಸರ್ಗ. ಆದ್ದರಿಂದ ‘ಆ್ಯನ್ ಅನ್‌ಇಂಪಾರ್ಟೆಂಟ್ ಡೀಟೇಲ್’. ಇದಕ್ಕಿಂತ ಸೊಗಸಾದ ಉದಾಹರಣೆಯೊಂದಿದೆ. ಕಾರ್ಮಿಕ ಸಂಘಕ್ಕೆ ಸೇರಿದ ಎಂಬರ್ಥದ ‘ಯೂನಿಯನೈಸ್ಡ್’ ಮತ್ತು ಅಯಾನುಗಳಾಗಿ ಒಡೆಯದ ಎಂಬರ್ಥದ ‘ಅನ್‌ಅಯನೈಸ್ಡ್’ ಎಂಬ ಎರಡು ಪದಗಳಿಗೆ, ನಡುವೆ ಅಡ್ಡಗೆರೆ ಹಾಕದಿದ್ದರೆ, ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ. ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ಆ್ಯನ್’. ಅಕ್ಷರ ಒಂದನ್ನೂ ಬದಲಿಸದೆ ಅರ್ಥ ಬದಲಾದರೆ ಅದರ ಮೊದಲು ಬರುವ ಪುಟ್ಟ ಪದವೂ ಬದಲಾಗುತ್ತದೆ.

ಹಳೆಯ ಪುಸ್ತಕಗಳಲ್ಲಿ ‘ಆ್ಯನ್ ಯೂನಿವರ್ಸಿಟಿ’, ‘ಆ್ಯನ್ ಯೂರೋಪಿಯನ್’ ಎಂಬ ರೂಪಗಳು ನಿಮ್ಮ ಕಣ್ಣಿಗೆ ಬಿದ್ದರೆ ಗೊಂದಲ ಬೇಡ. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನದಲ್ಲಿಯೇ, ಪೌರತ್ವ ನೀಡುವ ಅಧಿಕಾರದ ಬಗ್ಗೆ ಹೇಳುವಲ್ಲಿ, ‘ಆ್ಯನ್ ಯೂನಿಫಾರ್ಮ್ ರೂಲ್’ ಎಂದಿದೆ. ಅದು ಆ ಕಾಲದ ರೂಢಿ. ಇಂದಿನ ಬರವಣಿಗೆಯಲ್ಲಿ ಅದು ತಪ್ಪೆಂದೇ ಎಣಿಕೆಯಾಗುತ್ತದೆ.

ನಿಮ್ಮ ಪ್ರಶ್ನೆಯ ತಿರುಳು ಸಂಕ್ಷಿಪ್ತ ಪದಗಳು. ಅಕ್ಷರಗಳನ್ನು ಒಂದೊಂದಾಗಿ ಹೆಸರಿಸಿ ಓದುವ ಸಂಕ್ಷಿಪ್ತ ಪದದಲ್ಲಿ ನಾವು ಉಚ್ಚರಿಸುವುದು ಅಕ್ಷರದ ಹೆಸರನ್ನೇ ಹೊರತು ಅದರ ಧ್ವನಿಯನ್ನಲ್ಲ. ‘ಮ್ಯಾಂಗೋ’ ಎನ್ನುವಾಗ ಎಂ ಅಕ್ಷರ ಮಕಾರದ ಧ್ವನಿ ಕೊಡುತ್ತದೆ, ಆದರೆ ಅದರ ಹೆಸರು ‘ಎಂ’, ಆ ಹೆಸರು ಸ್ವರದಿಂದ ಆರಂಭವಾಗುತ್ತದೆ. ಹಾಗಾಗಿ ಇಪ್ಪತ್ತಾರು ಅಕ್ಷರಗಳ ಹೆಸರುಗಳನ್ನು ಒಮ್ಮೆ ಸಾವಧಾನವಾಗಿ ಹೇಳಿಕೊಂಡರೆ ಕೆಲಸ ಮುಗಿಯಿತು. ಎ, ಇ, ಐ, ಒ ಇವು ಹೇಗೂ ಸ್ವರಗಳು. ಅವುಗಳ ಜೊತೆಗೆ ಎಫ್, ಎಚ್, ಎಲ್, ಎಂ, ಎನ್, ಆರ್, ಎಸ್, ಎಕ್ಸ್ ಎಂಬ ಎಂಟು ವ್ಯಂಜನಾಕ್ಷರಗಳ ಹೆಸರುಗಳೂ ಸ್ವರದಿಂದಲೇ ಶುರುವಾಗುತ್ತವೆ. ಒಟ್ಟು ಈ 12 ಅಕ್ಷರಗಳಿಗೆ ‘ಆ್ಯನ್’, ಉಳಿದ 14ಕ್ಕೆ ‘ಎ’. ಆ ಹದಿನಾಲ್ಕರಲ್ಲಿ ಯು ಕೂಡ ಒಂದು. ಸ್ವರಾಕ್ಷರಗಳ ಸಾಲಿನಲ್ಲಿದ್ದೂ ಹೆಸರು ಯಕಾರದಿಂದ ಶುರುವಾಗುವ ಅಕ್ಷರ ಅದೊಂದೇ. ಅದಕ್ಕೇ ‘ಎ ಯುಎಫ್‌ಒ’, ‘ಎ ಯು-ಟರ್ನ್’, ‘ಎ ಯುಎಸ್‌ಬಿ ಕೇಬಲ್’. ಇನ್ನೊಂದು ಕಡೆ ‘ಆ್ಯನ್ ಎಂಎ’, ‘ಆ್ಯನ್ ಎಲ್‌ಎಲ್‌ಬಿ’, ‘ಆ್ಯನ್ ಎಸ್ಎಂಎಸ್’, ‘ಆ್ಯನ್ ಎಕ್ಸ್-ರೇ’, ‘ಆ್ಯನ್ ಎನ್‌ಜಿಒ’. ಆದರೆ ‘ಎ ಬಿಎ’, ‘ಎ ಪಿಎಚ್‌ಡಿ’.

ಇಷ್ಟು ತಿಳಿದ ಮೇಲೂ ಕನ್ನಡ ಮನೆಮಾತಿನವರು ‘ಎ ಎಂಬಿಎ’ ಎಂದು ಬರೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಾರಣ ಅಜಾಗರೂಕತೆಯಲ್ಲ, ನಮ್ಮ ಉಚ್ಚಾರಣೆ. ಆಡುಮಾತಿನಲ್ಲಿ ನಾವು ಪದದ ಮೊದಲ ಎಕಾರದ ಹಿಂದೆ ಒಂದು ಸಣ್ಣ ಯಕಾರವನ್ನು ಸೇರಿಸಿಯೇ ಹೇಳುತ್ತೇವೆ. ‘ಎಲ್ಲಿ’ ಎಂದು ಬರೆದರೂ ಬಾಯಲ್ಲಿ ಬರುವುದು ‘ಯೆಲ್ಲಿ’. ‘ಒಂದು’ ಎಂಬುದು ‘ವೊಂದು’ ಆಗುತ್ತದೆ. ಅದೇ ಅಭ್ಯಾಸದಿಂದ ‘ಎಂಬಿಎ’ ನಮ್ಮ ಬಾಯಲ್ಲಿ ‘ಯೆಂಬಿಯೆ’ ಆಗುತ್ತದೆ, ‘ಎಸ್ಎಂಎಸ್’ ‘ಯೆಸ್ಸೆಮ್ಮೆಸ್’ ಆಗುತ್ತದೆ. ಕನ್ನಡದಲ್ಲಿ ಇದರಿಂದ ಅರ್ಥವೇನೂ ಕೆಡುವುದಿಲ್ಲವಾದ್ದರಿಂದ ನಮ್ಮ ಕಿವಿ ಆ ಯಕಾರವನ್ನು ಗಮನಿಸುವುದೇ ಇಲ್ಲ. ಆದರೆ ‘ಯೆಂಬಿಯೆ’ ಎನ್ನುವವರ ನಾಲಿಗೆಗೆ ‘ಎ ಯೆಂಬಿಯೆ’ ಸಲೀಸಾಗಿ ಹೊರಳುತ್ತದೆ, ಎಲ್ಲಿಯೂ ತಡವರಿಸುವುದಿಲ್ಲ. ‘ಬಾಯಿಬಿಟ್ಟು ಓದಿ, ಹಿತವಾಗಿ ಕೇಳಿಸುವುದನ್ನು ಬರೆಯಿರಿ’ ಎಂಬ ಸಲಹೆ ಇಲ್ಲಿ ಸೋಲುವುದು ಇದರಿಂದಲೇ.

ಇಂಗ್ಲಿಷಿಗೆ ಈ ವ್ಯತ್ಯಾಸ ಬಹಳ ಮುಖ್ಯ, ಏಕೆಂದರೆ ಅಲ್ಲಿ ಆ ಯಕಾರ ಅರ್ಥವನ್ನೇ ಬದಲಿಸುತ್ತದೆ. ಎಸ್ ಅಕ್ಷರದ ಹೆಸರು ‘ಎಸ್’, ಹೌದು ಎನ್ನುವ ಪದ ‘ಯೆಸ್’. ಎಲ್ ಅಕ್ಷರದ ಹೆಸರು ‘ಎಲ್’, ಕೂಗು ಎಂಬ ಪದ ‘ಯೆಲ್’. ಎನ್ ಅಕ್ಷರದ ಹೆಸರು ‘ಎನ್’, ಜಪಾನಿನ ನಾಣ್ಯ ‘ಯೆನ್’. ಆದ್ದರಿಂದ ‘ಆ್ಯನ್ ಎಲ್’ ಎಂದರೆ ಒಂದು ಅಕ್ಷರ, ‘ಎ ಯೆಲ್’ ಎಂದರೆ ಒಂದು ಕೂಗು. ಈ ಮೂರು ಜೋಡಿಗಳನ್ನು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ‘ಯೆಸ್’ ಎನ್ನುವಾಗ ನಾಲಿಗೆಯ ನಡುಭಾಗ ಮೇಲೆದ್ದು ಅಂಗುಳಿನ ಸಮೀಪಕ್ಕೆ ಹೋಗಿ ಕೆಳಗಿಳಿಯುತ್ತದೆ. ‘ಎಸ್’ ಎನ್ನುವಾಗ ಬಾಯಿ ನೇರವಾಗಿ ತೆರೆದುಕೊಳ್ಳಬೇಕು, ನಾಲಿಗೆಯ ಆ ಏರಿಳಿತ ಇರಕೂಡದು. ಎರಡೂ ಒಂದೇ ರೀತಿ ಬರುತ್ತಿದ್ದರೆ ನಿಮ್ಮ ಕಿವಿಯನ್ನು ಈ ವಿಷಯದಲ್ಲಿ ನಂಬಬೇಡಿ. ಮೇಲೆ ಹೇಳಿದ ಹನ್ನೆರಡು ಅಕ್ಷರಗಳ ಪಟ್ಟಿಯನ್ನೇ ನಂಬಿ.

ಎಚ್ ಅಕ್ಷರದ್ದು ಇನ್ನೊಂದು ಕಥೆ. ಅದರ ಒಪ್ಪಿತ ಹೆಸರು ‘ಏಚ್’, ಸ್ವರದಿಂದ ಶುರು. ಆದರೆ ನಮ್ಮಲ್ಲಿ ಬಹಳಷ್ಟು ಜನ ‘ಹೆಚ್’ ಎಂದು ಹೇಳುತ್ತಾರೆ, ಬರೆಯುವಾಗಲೂ ‘ಹೆಚ್.ಐ.ವಿ.’ ಎಂದೇ ಬರೆಯುತ್ತಾರೆ. ಐರ್ಲೆಂಡಿನಲ್ಲಿಯೂ ಹಕಾರದಿಂದ ಶುರುವಾಗುವ ಹೆಸರು ವ್ಯಾಪಕವಾಗಿದೆ, ಆದ್ದರಿಂದ ಇದನ್ನು ಕೇವಲ ನಮ್ಮ ತಪ್ಪು ಎನ್ನಲಾಗದು. ‘ಹೆಚ್ಆರ್’ ಎನ್ನುವವರು ‘ಎ ಹೆಚ್ಆರ್ ಮ್ಯಾನೇಜರ್’ ಎಂದರೆ ಅವರ ಉಚ್ಚಾರಣೆಗೆ ಅವರ ಬರವಣಿಗೆ ನಿಷ್ಠವಾಗಿಯೇ ಇದೆ. ಆದರೆ ಸಂಪಾದಿತ ಇಂಗ್ಲಿಷ್ ಬರವಣಿಗೆ ‘ಏಚ್’ ಎಂಬ ಹೆಸರನ್ನೇ ಆಧಾರವಾಗಿ ಇಟ್ಟುಕೊಳ್ಳುವುದರಿಂದ, ಅರ್ಜಿ, ಪ್ರಬಂಧ, ವರದಿಗಳಲ್ಲಿ ‘ಆ್ಯನ್ ಎಚ್ಆರ್ ಮ್ಯಾನೇಜರ್’, ‘ಆ್ಯನ್ ಎಚ್ಐವಿ ಟೆಸ್ಟ್’ ಎಂದು ಬರೆಯುವುದು ಒಳ್ಳೆಯದು. ಇದನ್ನು ‘ಆನೆಸ್ಟ್’, ‘ಅವರ್’ ಮುಂತಾದ ಪದಗಳೊಂದಿಗೆ ಬೆರೆಸಬೇಡಿ. ಅಲ್ಲಿ ಎಚ್ ಅಕ್ಷರ ಮೌನವಾಗಿದೆ. ಇಲ್ಲಿ ಅಕ್ಷರದ ಹೆಸರೇ ಉಚ್ಚಾರವಾಗುತ್ತಿದೆ. ಉತ್ತರ ಒಂದೇ ಆದರೂ ಕಾರಣ ಬೇರೆ.

ಸಂಕ್ಷಿಪ್ತ ಪದಗಳೆಲ್ಲವನ್ನೂ ಅಕ್ಷರ ಬಿಡಿಸಿ ಓದುವುದಿಲ್ಲ ಎಂಬುದನ್ನೂ ಗಮನಿಸಬೇಕು. ‘ನಾಸಾ’ವನ್ನು ಯಾರೂ ‘ಎನ್ ಎ ಎಸ್ ಎ’ ಎನ್ನುವುದಿಲ್ಲ, ‘ಸಿಮ್’ ಅನ್ನು ‘ಎಸ್ ಐ ಎಂ’ ಎನ್ನುವುದಿಲ್ಲ. ಇವು ಪದವಾಗಿಯೇ ಓದಿಸಿಕೊಳ್ಳುವುದರಿಂದ ‘ಎ ನಾಸಾ ಇಂಜಿನಿಯರ್’, ‘ಎ ಸಿಮ್ ಕಾರ್ಡ್’. ಎನ್ ಅಕ್ಷರ ಕಂಡ ಕೂಡಲೇ ‘ಆ್ಯನ್’ ಹಾಕಿದರೆ ಇಲ್ಲಿ ಎಡವುತ್ತೀರಿ. ಅರ್ಧ ಬಿಡಿಸಿ ಅರ್ಧ ಕೂಡಿಸಿ ಓದುವವೂ ಇವೆ: ‘ಜೆ-ಪೆಗ್’, ‘ಎಂ-ಪೆಗ್’, ‘ಎಂ-ಫಿಲ್’. ಅವುಗಳಲ್ಲಿ ನೋಡಬೇಕಾದದ್ದು ಮೊದಲ ತುಣುಕನ್ನು ಮಾತ್ರ. ‘ಎ ಜೆ-ಪೆಗ್’, ಆದರೆ ‘ಆ್ಯನ್ ಎಂ-ಪೆಗ್’, ‘ಆ್ಯನ್ ಎಂ-ಫಿಲ್’.

ಒಂದೇ ಸಂಕ್ಷಿಪ್ತ ಪದವನ್ನು ಜನ ಎರಡು ರೀತಿ ಓದುವುದೂ ಉಂಟು, ಆಗ ಎರಡು ಉತ್ತರಗಳೂ ಸರಿ. ದತ್ತಾಂಶ ನಿರ್ವಹಣೆಯ ಭಾಷೆಯಾದ ‘ಎಸ್‌ಕ್ಯೂಎಲ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1974ರಲ್ಲಿ ಐಬಿಎಂ ಸಂಶೋಧಕರು ಅದನ್ನು ಪರಿಚಯಿಸಿದಾಗ ಅದರ ಹೆಸರು ‘ಸೀಕ್ವೆಲ್’ ಎಂದಿತ್ತು. ಅನಂತರ ಹೆಸರನ್ನು ಮೂರು ಅಕ್ಷರಗಳಿಗೆ ಇಳಿಸಲಾಯಿತು, ಆದರೆ ಹಳೆಯ ಉಚ್ಚಾರಣೆ ಬಹಳ ಮಂದಿಯ ಬಾಯಲ್ಲಿ ಉಳಿಯಿತು. ಅಕ್ಷರ ಬಿಡಿಸಿ ಓದುವವರು ‘ಆ್ಯನ್ ಎಸ್‌ಕ್ಯೂಎಲ್ ಕ್ವೆರಿ’ ಎಂದು ಬರೆಯುತ್ತಾರೆ, ‘ಸೀಕ್ವೆಲ್’ ಎಂದು ಓದುವವರು ಅದೇ ಅಕ್ಷರಗಳ ಮೊದಲು ‘ಎ’ ಹಾಕುತ್ತಾರೆ. ಇಂಥಲ್ಲಿ ನಿಮ್ಮ ಓದುಗರಲ್ಲಿ ಹೆಚ್ಚಿನವರು ಹೇಗೆ ಓದುತ್ತಾರೆ ಎಂಬುದನ್ನು ಯೋಚಿಸಿ ಒಂದನ್ನು ಆರಿಸಿಕೊಳ್ಳಿ, ಬರಹದ ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಒಂದೇ ದಾಖಲೆಯಲ್ಲಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದರೆ ಮಾತ್ರ ಅದು ದೋಷ.

‘ಎ ಎಂಬಿಎ’ ಎಂದು ಬರೆಯುವವರು ಕೆಲವೊಮ್ಮೆ ಒಂದು ವಾದವನ್ನು ಮುಂದಿಡುತ್ತಾರೆ: ಎಂಬಿಎ ಎಂದರೆ ‘ಮಾಸ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್’, ‘ಮಾಸ್ಟರ್’ ಮಕಾರದಿಂದ ಶುರುವಾಗುತ್ತದೆ, ಹಾಗಾಗಿ ‘ಎ’ ಬರಬೇಕಲ್ಲವೇ ಎಂದು. ಬಾಯಲ್ಲಿ ಓದುವುದು ವಿಸ್ತೃತ ರೂಪವನ್ನಾಗಿದ್ದರೆ ಅವರು ಹೇಳುವುದು ಸರಿಯಾಗುತ್ತಿತ್ತು. ಆದರೆ ಎಂಬಿಎ ಎಂದು ಬರೆದಿರುವುದನ್ನು ಯಾವ ಓದುಗರೂ ಬಿಡಿಸಿ ಪೂರ್ತಿ ಹೇಳುವುದಿಲ್ಲ. ಪೂರ್ತಿ ಬರೆದಾಗ ‘ಎ ಮಾಸ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್’, ಸಂಕ್ಷೇಪಿಸಿದಾಗ ‘ಆ್ಯನ್ ಎಂಬಿಎ’. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಎಂ ಮತ್ತು ಎಸ್ ಎಂಬ ಅದೇ ಎರಡು ಅಕ್ಷರ ಪದವಿಯ ಹೆಸರಾಗಿದ್ದರೆ ‘ಆ್ಯನ್ ಎಂಎಸ್ ಡಿಗ್ರಿ’. ಮಹಿಳೆಯ ಹೆಸರಿನ ಹಿಂದಿನ ಗೌರವಸೂಚಕವಾಗಿದ್ದರೆ ಓದುವುದು ‘ಮಿಜ್’ ಎಂದಾದ್ದರಿಂದ ಅದರ ಮೊದಲು ‘ಎ’. ‘ಮಿಸ್ಟರ್’, ‘ಡಾಕ್ಟರ್’ ಎಂಬವುಗಳ ಮೊಟಕು ರೂಪಗಳನ್ನೂ ನಾವು ಪೂರ್ಣ ಪದವಾಗಿಯೇ ಓದುತ್ತೇವೆ.

ಇನ್ನು, ‘ಎ’ ಮತ್ತು ‘ಆ್ಯನ್’ ನೋಡುವುದು ತಮ್ಮ ಪಕ್ಕದಲ್ಲಿರುವ ಪದವನ್ನು ಮಾತ್ರ. ನಾಮಪದ ಎಷ್ಟೋ ದೂರದಲ್ಲಿರಬಹುದು. ಅರ್ಜಿಯನ್ನು ತಿದ್ದುತ್ತ ನಡುವೆ ಒಂದು ವಿಶೇಷಣ ಸೇರಿಸಿದಾಗ ಹಳೆಯ ‘ಆ್ಯನ್’ ಹಾಗೆಯೇ ಉಳಿದುಬಿಡುವುದು ಬಹಳ ಸಾಮಾನ್ಯ. ನಿಮ್ಮ ವಾಕ್ಯವನ್ನೇ ಸ್ವಲ್ಪ ಬೆಳೆಸಿ ನೋಡೋಣ: ‘ಐ ಹ್ಯಾವ್ ಎ ಟೂ-ಇಯರ್ ಎಂಬಿಎ ಫ್ರಮ್ ಆ್ಯನ್ ಓಲ್ಡ್ ಯೂನಿವರ್ಸಿಟಿ ಆ್ಯಂಡ್ ವರ್ಕ್ ಆ್ಯಸ್ ಆ್ಯನ್ ಎಚ್ಆರ್ ಆಫೀಸರ್ ಇನ್ ಎ ಯುಕೆ ಕಂಪನಿ.’ ಇಲ್ಲಿ ನಾಲ್ಕು ಕಡೆ ಆಯ್ಕೆ ಮಾಡಬೇಕಾಯಿತು. ಎಂಬಿಎಯ ಮೊದಲು ‘ಟೂ’ ಬಂದು ಕುಳಿತದ್ದರಿಂದ ‘ಎ’ ಬಂತು. ಯೂನಿವರ್ಸಿಟಿಯ ಮೊದಲು ‘ಓಲ್ಡ್’ ಬಂದದ್ದರಿಂದ ‘ಆ್ಯನ್’ ಬಂತು. ಹೀಗೆ ನಿಮ್ಮ ಮೊದಲ ವಾಕ್ಯದಲ್ಲಿ ತಪ್ಪಾಗಿದ್ದ ಎರಡೂ ಈ ವಾಕ್ಯದಲ್ಲಿ ಸರಿಯಾದವು. ಎಚ್ಆರ್‌ಗೆ ಅಕ್ಷರದ ಹೆಸರಿನಿಂದಾಗಿ ‘ಆ್ಯನ್’, ಯುಕೆಗೆ ಯಕಾರದಿಂದಾಗಿ ‘ಎ’. ಈಗ ‘ಟೂ-ಇಯರ್’, ‘ಓಲ್ಡ್’ ಎರಡನ್ನೂ ಅಳಿಸಿದರೆ ಮೊದಲ ಎರಡು ಆಯ್ಕೆಗಳನ್ನು ಮತ್ತೆ ತಿರುಗಿಸಬೇಕು.

‘ಟೂ-ಇಯರ್’ ಜಾಗದಲ್ಲಿ ಒಂದು ವರ್ಷದ ಕೋರ್ಸು ಎಂದು ಬರೆಯಬೇಕಾದರೆ ನಾನು ಹೇಳಿದ ಕನ್ನಡ ಲಿಪಿಯ ಒರೆಗಲ್ಲು ಕೈಕೊಡುವ ಮುಖ್ಯ ಜಾಗ ಎದುರಾಗುತ್ತದೆ. ಇಂಗ್ಲಿಷಿನ ಒಂದನ್ನು ನಾವು ರೂಢಿಯಲ್ಲಿ ‘ಒನ್’ ಎಂದು ಬರೆಯುತ್ತೇವೆ. ಅದನ್ನು ನಂಬಿದರೆ ‘ಆ್ಯನ್’ ಹಾಕಬೇಕಾಗುತ್ತದೆ. ಆದರೆ ಆ ಪದದ ನಿಜವಾದ ಉಚ್ಚಾರಣೆ ‘ವನ್’, ಮೊದಲ ಧ್ವನಿ ತುಟಿಗಳನ್ನು ದುಂಡಗೆ ಮಾಡಿ ಹೇಳುವ ವಕಾರ. ಆದ್ದರಿಂದ ‘ಎ ವನ್-ಇಯರ್ ಎಂಬಿಎ’, ‘ಎ ವನ್-ವೇ ಟಿಕೆಟ್’. ಅಂಕಿಯಲ್ಲಿ 1 ಎಂದು ಬರೆದರೂ ಇದೇ. ಅಂಕಿಗಳಿಗೆ ಬೇರೆ ನಿಯಮವೇನಿಲ್ಲ. 8, 11, 18 ಮತ್ತು ಎಂಬತ್ತರ ಸಂಖ್ಯೆಗಳು ಇಂಗ್ಲಿಷಿನಲ್ಲಿ ‘ಏಟ್’, ‘ಇಲೆವನ್’, ‘ಏಟೀನ್’, ‘ಏಟಿ’ ಎಂದು ಸ್ವರದಿಂದ ಶುರುವಾಗುವುದರಿಂದ ಅವಕ್ಕೆ ‘ಆ್ಯನ್’ ಬರುತ್ತದೆ. ಹಾಗಾಗಿ ಎರಡು ವರ್ಷದ ಕೋರ್ಸೂ ಒಂದು ವರ್ಷದ ಕೋರ್ಸೂ ‘ಎ’ ತೆಗೆದುಕೊಳ್ಳುತ್ತವೆ, 18 ತಿಂಗಳ ಕೋರ್ಸಾದರೆ ‘ಆ್ಯನ್ 18-ಮಂತ್ ಎಂಬಿಎ’ ಎಂದು ಬರೆಯಬೇಕು.